ಎರಡು ಸಾಲಿನ ಅರ್ಥದಲ್ಲಿ ಅವ್ವನ ಸೀರೆ ಎಲ್ಲಿ ಹೋಯಿತು?

ಕೋಲಾರದಲ್ಲಿ ನಮ್ಮ ಬೀದಿಯ ಪುಟ್ಟ ವಾಚನಾಲಯದ ಬಾಗಿಲ ಪಕ್ಕ ಒಂದು ಕರಿಹಲಗೆ ಇದೆ. ಪ್ರತಿ ಶನಿವಾರ ಸಂಜೆ ಅದರ ಮೇಲೆ ಒಂದು ಕವನ ಬರೆಯುತ್ತೇವೆ. 10 ಸಾಲು ಮೀರುವ ಹಾಗಿಲ್ಲ. ಮೀರಿದರೆ ಅಕ್ಷರ ಸಣ್ಣದಾಗುತ್ತದೆ, ಬೀದಿಯಲ್ಲಿ ಹೋಗುವವರಿಗೆ ಕಾಣಿಸುವುದಿಲ್ಲ. ಕವನದ ಕೆಳಗೆ ಒಂದು ಗೆರೆ ಎಳೆದು, ಎರಡು ಸಾಲಿನಲ್ಲಿ ಅದರ ಅರ್ಥ ಬರೆಯುತ್ತೇವೆ. ಒಂದು ಸಾಲಿಗೆ ಎಂಟೊಂಬತ್ತು ಪದ ಹಿಡಿಸುತ್ತವೆ. ಎರಡೂ ಸೇರಿದರೆ ಹೆಚ್ಚೆಂದರೆ 18 ಪದ.

ಈ 18 ಪದ ಬರೆಯುವುದೇ ಇಡೀ ವಾರದ ಕಷ್ಟದ ಕೆಲಸ. ಕವನ ಹುಡುಕುವುದಕ್ಕೆ ಅರ್ಧ ಗಂಟೆ ಸಾಕು. ಆದರೆ ಅರ್ಥದ ಎರಡು ಸಾಲಿಗೆ ಕೆಲವು ಸಲ ಶುಕ್ರವಾರ ರಾತ್ರಿ ಪೂರ್ತಿ ಹೋಗುತ್ತದೆ. ಯಾಕೆ ಅಂತ ಒಂದು ಕವನ ಇಟ್ಟುಕೊಂಡೇ ಹೇಳುತ್ತೇನೆ.

ವಾಚನಾಲಯಕ್ಕೆ ಬರುವ ಒಬ್ಬ ಅಕ್ಕ ಬರೆದುಕೊಟ್ಟ ಕವನ ಇದು. ಅವರ ಊರು ಶ್ರೀನಿವಾಸಪುರದ ಕಡೆ.

ಕೆರೆ ಬತ್ತಿ ಹದಿನೇಳು ವರ್ಷ.
ಜಾಲಿ ಬೆಳೆದಿದೆ, ಕುರಿ ಮೇಯುತ್ತಿವೆ,
ಹುಡುಗರ ಕ್ರಿಕೆಟ್ಟಿಗೆ ತೂಬಿನ ಕಲ್ಲೇ ವಿಕೆಟ್ಟು.
ಕಲ್ಲಿನ ಮೇಲೆ ಮಾತ್ರ
ನೀರು ನಿಂತಿದ್ದ ಗೆರೆ ಹಾಗೇ ಇದೆ.
ಆಚೆ ದಡದ ಹೊಲಕ್ಕೆ ಹೊರಟ ಅವ್ವ
ಕೆರೆಗೆ ಇಳಿಯುವಾಗ
ಮೊಣಕಾಲ ತನಕ ಸೀರೆ ಎತ್ತಿ
ಹಿಡಿಯುತ್ತಾಳೆ.

ಓದಿದ ತಕ್ಷಣ ನಮ್ಮಲ್ಲೊಬ್ಬರು ಬರೆದ ಅರ್ಥ ಹೀಗಿತ್ತು: "ಬತ್ತಿದ ಕೆರೆಯ ಬಗ್ಗೆ ತಾಯಿಗೆ ಇರುವ ನೆನಪನ್ನೂ ಪ್ರಕೃತಿಯೊಂದಿಗೆ ಮನುಷ್ಯನಿಗಿರುವ ಭಾವನಾತ್ಮಕ ಸಂಬಂಧವನ್ನೂ ಈ ಕವನ ಮನೋಜ್ಞವಾಗಿ ಚಿತ್ರಿಸುತ್ತದೆ."

ಇದರಲ್ಲಿ ತಪ್ಪು ಅಂತ ಹೇಳುವಂಥದ್ದು ಮೇಲ್ನೋಟಕ್ಕೆ ಏನೂ ಇಲ್ಲ. ಶಾಲೆಯಲ್ಲಿ ನಾವೆಲ್ಲ ಹೀಗೇ ಬರೆದವರು. ಆದರೆ ಸೀರೆ ಎಲ್ಲಿ? ಒಣಗಿದ ನೆಲದ ಮೇಲೆ ಸೀರೆ ಎತ್ತಿ ಹಿಡಿದ ಆ ಹೆಂಗಸು ಎಲ್ಲಿ? ಅವಳಿಗಾಗಿಯೇ ಈ ಕವನ ಹುಟ್ಟಿದ್ದು. ಅರ್ಥ ಬರೆಯುವ ಗಡಿಬಿಡಿಯಲ್ಲಿ ನಾವು ಅವಳನ್ನೇ ಬಿಟ್ಟುಬಿಟ್ಟೆವು.

14 ಪದಗಳ ಈ ವಾಕ್ಯದಲ್ಲಿ ಕೊನೆಯ ನಾಲ್ಕು ಪದ ಕವನದ ಬಗ್ಗೆ ಏನೂ ಹೇಳುತ್ತಿಲ್ಲ. "ಈ ಕವನ ಮನೋಜ್ಞವಾಗಿ ಚಿತ್ರಿಸುತ್ತದೆ" ಅನ್ನುವುದನ್ನು ಯಾವ ಕವನದ ಕೆಳಗೆ ಬೇಕಾದರೂ ಬರೆಯಬಹುದು. "ಭಾವನಾತ್ಮಕ ಸಂಬಂಧ" ಅನ್ನುವುದೂ ಅಷ್ಟೇ. ಕೆರೆ ತೆಗೆದು ಹೊಲ ಹಾಕಿ, ತಾಯಿ ತೆಗೆದು ರೈತ ಹಾಕಿ, ಆಗಲೂ ವಾಕ್ಯ ಆರಾಮಾಗಿ ನಿಲ್ಲುತ್ತದೆ. ನಾನು ಮೊದಲು ನೋಡುವುದು ಇದನ್ನೇ: ಈ ಎರಡು ಸಾಲು ಬೇರೆ ಕವನಕ್ಕೂ ಹೊಂದುತ್ತಾ? ಹೊಂದಿದರೆ ಅದು ಈ ಕವನದ ಅರ್ಥ ಅಲ್ಲ. ಈ ಕವನ ಯಾವ ವಿಷಯಕ್ಕೆ ಸೇರಿದ್ದು ಅನ್ನುವ ಚೀಟಿ ಅಷ್ಟೆ.

ಶುಕ್ರವಾರ ರಾತ್ರಿ ತುಮಕೂರಿನಲ್ಲಿರುವ ನನ್ನ ತಂಗಿಗೆ ಫೋನ್ ಮಾಡಿ ಈ ವಾಕ್ಯ ಓದಿದೆ. ಕವನ ಓದಲಿಲ್ಲ. "ನಿಂಗೆ ಏನು ಕಾಣಿಸ್ತಿದೆ ಹೇಳು" ಅಂದೆ. ಅವಳು ಸ್ವಲ್ಪ ಯೋಚಿಸಿ, "ಒಬ್ಬಮ್ಮ ಕೆರೆ ದಡದಲ್ಲಿ ಕೂತು ಅಳ್ತಿದ್ದಾಳೆ ಕಣಣ್ಣ" ಅಂದಳು. ಕವನದಲ್ಲಿ ಯಾರೂ ಕೂತಿಲ್ಲ, ಯಾರೂ ಅಳುತ್ತಿಲ್ಲ. ಒಬ್ಬಳು ಕೆಲಸಕ್ಕೆ ಹೊರಟಿದ್ದಾಳೆ. ನಾವು ಚಿತ್ರ ಕೊಡದಿದ್ದರೆ ಓದುವವರು ಸುಮ್ನೆ ಇರುವುದಿಲ್ಲ. ತಾವೇ ಒಂದು ಚಿತ್ರ ಹಾಕಿಕೊಳ್ಳುತ್ತಾರೆ, ಅದೂ ಸಿನಿಮಾದಲ್ಲಿ ನೂರು ಸಲ ನೋಡಿದ ಚಿತ್ರ.

ಹಾಗಾದರೆ ಇಡೀ ಕವನ ಯಾವುದರ ಮೇಲೆ ನಿಂತಿದೆಯೋ ಆ ನಡುವಿನ ಚಿತ್ರ ಯಾವುದು ಅಂತ ಕಂಡುಹಿಡಿಯುವುದು ಹೇಗೆ? ಪಾಠದಲ್ಲಿ ಇದನ್ನು ಪ್ರತಿಮೆ ಅನ್ನುತ್ತಾರೆ. ನಾವು ಪ್ರತಿಮೆ ಅಂದಾಗೆಲ್ಲ ಒಂದು ವಸ್ತುವನ್ನು ಯೋಚಿಸುತ್ತೇವೆ: ಕೆರೆ, ದೀಪ, ಹಕ್ಕಿ, ದಾರಿ. ನನ್ನ ಅನುಭವದಲ್ಲಿ ದಾರಿ ತಪ್ಪುವುದು ಇಲ್ಲೇ. ಬರೀ ವಸ್ತು ಪ್ರತಿಮೆ ಆಗುವುದಿಲ್ಲ. ವಸ್ತು ಏನೋ ಮಾಡುತ್ತಿರಬೇಕು, ಇಲ್ಲವೇ ಅದಕ್ಕೆ ಏನೋ ಆಗುತ್ತಿರಬೇಕು. ನಾಮಪದದ ಜೊತೆ ಕ್ರಿಯಾಪದ ಸೇರಿದಾಗಲೇ ಚಿತ್ರ ಪೂರ್ತಿಯಾಗುತ್ತದೆ. "ಕೆರೆ" ಅಂದರೆ ಸಾವಿರ ಕವನದಲ್ಲಿದೆ. "ನೀರಿಲ್ಲದ ಕೆರೆಗೆ ಸೀರೆ ಎತ್ತಿಕೊಂಡು ಇಳಿಯುವುದು" ಇಲ್ಲಿ ಮಾತ್ರ ಇದೆ.

ಅದಕ್ಕೇ ನಾವು ಮಾಡುವ ಮೊದಲ ಕೆಲಸ ಇದು. ಕವನವನ್ನು ಎರಡು ಸಲ ಜೋರಾಗಿ ಓದುತ್ತೇವೆ. ಕಾಗದ ಮುಚ್ಚಿಡುತ್ತೇವೆ. ಆಮೇಲೆ "ಇದರ ಅರ್ಥ ಏನು" ಅಂತ ಕೇಳಿಕೊಳ್ಳುವುದಿಲ್ಲ. "ಏನು ಕಾಣಿಸಿತು, ಅದು ಏನು ಮಾಡುತ್ತಿತ್ತು" ಅಂತ ಕೇಳಿಕೊಳ್ಳುತ್ತೇವೆ. ಅರ್ಥ ಕೇಳಿದರೆ ನಾಲಿಗೆ ತುದಿಗೆ ನೆನಪು, ನೋವು, ಸಂಬಂಧ, ಮೌಲ್ಯ ಇಂಥವೇ ಬರುತ್ತವೆ. ಕಂಡದ್ದನ್ನು ಕೇಳಿದರೆ ಜಾಲಿ, ಕುರಿ, ಕ್ರಿಕೆಟ್ಟು, ಗೆರೆ, ಸೀರೆ ಬರುತ್ತವೆ.

ಈಗ ಐದು ಚಿತ್ರ ಸಿಕ್ಕಿದವು. 18 ಪದದಲ್ಲಿ ಐದಕ್ಕೂ ಜಾಗ ಇಲ್ಲ. ಯಾವುದು ನಡುವಿನದು? ಒಂದೊಂದನ್ನೇ ಬೆರಳಿಂದ ಮುಚ್ಚಿ ಓದಿ ನೋಡುತ್ತೇವೆ. ಕುರಿ ಮುಚ್ಚಿದರೆ ಕವನ ಸ್ವಲ್ಪ ಬಡವಾಗುತ್ತದೆ, ಆದರೆ ನಿಲ್ಲುತ್ತದೆ. ಕ್ರಿಕೆಟ್ಟು ಮುಚ್ಚಿದರೂ ನಿಲ್ಲುತ್ತದೆ. ಸೀರೆ ಮುಚ್ಚಿದರೆ ಬರೀ ಬತ್ತಿದ ಕೆರೆಯ ವರದಿ ಉಳಿಯುತ್ತದೆ. ಹಾಗಾಗಿ ಸೀರೆಯೇ ನಡುವಿನದು ಅಂತ ತೀರ್ಮಾನಕ್ಕೆ ಬರಬಹುದು.

ಗೆರೆಯನ್ನು ಮುಚ್ಚಿ ನೋಡಿದಾಗ ಮಾತ್ರ ಒಂದು ಸ್ವಾರಸ್ಯ ಆಯಿತು. ಗೆರೆ ಇಲ್ಲದೆ ಓದಿದರೆ ಅವ್ವ ಸೀರೆ ಎತ್ತುವುದು ಜಾಲಿ ಮುಳ್ಳಿಗಾಗಿ ಅಂತ ಅನ್ನಿಸುತ್ತದೆ! ಮುಳ್ಳಿರುವ ಜಾಗದಲ್ಲಿ ಯಾವ ಹೆಂಗಸಾದರೂ ಸೀರೆ ಎತ್ತಿಯೇ ನಡೆಯುತ್ತಾಳೆ, ಅಲ್ವಾ? ಕಲ್ಲಿನ ಮೇಲೆ ನೀರು ನಿಂತಿದ್ದ ಗೆರೆಯನ್ನು ಕಣ್ಣಿಗೆ ತೋರಿಸಿದ ಮೇಲೇ ಆ ಎತ್ತಿದ ಸೀರೆ ಇಲ್ಲದ ನೀರಿಗಾಗಿ ಅಂತ ನಮಗೆ ಹೊಳೆಯುವುದು. ಸೀರೆ ನಡುವಿನ ಚಿತ್ರ, ಗೆರೆ ಅದರ ಬೀಗದ ಕೈ. ನಮ್ಮ ಎರಡು ಸಾಲಿನಲ್ಲಿ ಸೀರೆ ಇರಲೇಬೇಕು, ಗೆರೆಯ ಸುಳಿವಾದರೂ ಇರಬೇಕು. ಕುರಿಯನ್ನೂ ಕ್ರಿಕೆಟ್ಟನ್ನೂ ಬಿಡಬಹುದು. ಬಿಡುವಾಗ ಹೊಟ್ಟೆ ಉರಿಯುತ್ತದೆ, ನಿಜ. ಆ ವಿಕೆಟ್ಟು ನನಗೆ ತುಂಬಾ ಇಷ್ಟ. ಆದರೆ ಕವನ ಮೇಲೇ ಇದೆಯಲ್ಲ, ಓದುವವರಿಗೆ ಅದು ಅಲ್ಲಿ ಸಿಗುತ್ತದೆ.

ಇಷ್ಟು ಗೊತ್ತಾದ ಮೇಲೆ ಎರಡನೇ ಸಲ ಬರೆದೆವು: "ಬತ್ತಿದ ಕೆರೆಯಂತೆ ಅವ್ವನ ಬದುಕೂ ಒಣಗಿದೆ, ಆದರೂ ಅವಳ ಎದೆಯಲ್ಲಿ ನೆನಪಿನ ಕೆರೆ ತುಂಬಿ ತುಳುಕುತ್ತಿದೆ."

ಓದುವುದಕ್ಕೆ ಚೆನ್ನಾಗಿದೆ. ಅಲ್ಲಿದ್ದವರೆಲ್ಲ "ಆಹಾ" ಅಂದರು. ಮೊದಲನೆಯದಕ್ಕಿಂತ ಇದೇ ಜಾಸ್ತಿ ಅಪಾಯದ್ದು ಅಂತ ನನಗೆ ಈಗ ಅನ್ನಿಸುತ್ತದೆ. ಮೊದಲನೆಯದರಲ್ಲಿ ಚಿತ್ರವೇ ಇರಲಿಲ್ಲ, ಅದು ಯಾರಿಗಾದರೂ ಕಾಣುತ್ತದೆ. ಇಲ್ಲಿ ಚಿತ್ರ ಇದೆ, ಆದರೆ ಅದು ನಮ್ಮದು. ಅವ್ವನ ಬದುಕು ಒಣಗಿದೆ ಅಂತ ಕವನ ಎಲ್ಲೂ ಹೇಳಿಲ್ಲ. ಅವಳು ಹೊಲಕ್ಕೆ ಹೋಗುತ್ತಿದ್ದಾಳೆ, ಆಚೆ ದಡದಲ್ಲಿ ಬೆಳೆ ಇದ್ದೀತು. ಎದೆಯಲ್ಲಿ ತುಳುಕುವ ಕೆರೆಯೂ ಕವನದಲ್ಲಿಲ್ಲ. ಕವಿಯ ಚಿತ್ರವನ್ನು ತೆಗೆದು ಆ ಜಾಗದಲ್ಲಿ ಇನ್ನೊಂದನ್ನು ಕೂರಿಸಿದೆವು. ಕವನದ ಮೇಲೆ ಪ್ರೀತಿ ಇರುವವರೇ ಈ ತಪ್ಪು ಮಾಡುವುದು.

ಇದನ್ನು ಹಿಡಿಯುವುದು ಸುಲಭ. ಎರಡು ಸಾಲಿನಲ್ಲಿ "ಅಂತೆ", "ಹಾಗೆ" ಅನ್ನುವ ಹೋಲಿಕೆ ಬಂದರೆ ಅಲ್ಲಿ ನಿಲ್ಲಬೇಕು. ಹತ್ತನೇ ಕ್ಲಾಸಿನ ಅಲಂಕಾರದ ಪಾಠ ಇಲ್ಲಿ ನಿಜವಾಗಿ ಕೆಲಸಕ್ಕೆ ಬರುತ್ತದೆ. ಉಪಮೇಯ ಯಾವುದು, ಉಪಮಾನ ಯಾವುದು, ಎರಡಕ್ಕೂ ಸಮಾನವಾದದ್ದು ಏನು, ಇವು ಮೂರೂ ಕವನದಲ್ಲಿವೆಯಾ ಅಂತ ನೋಡಬೇಕು. "ಬದುಕು" ಅನ್ನುವ ಉಪಮೇಯ ಈ ಕವನದಲ್ಲಿ ಇಲ್ಲವೇ ಇಲ್ಲ. ಹಾಗಾದರೆ ಅದನ್ನು ತಂದವರು ನಾವು.

ಅಕ್ಕನಿಗೆ ಈ ಎರಡು ಸಾಲು ತೋರಿಸಿದಾಗ ಅವರು ಕೇಳಿದ್ದು ಇನ್ನೊಂದು. "ನೆನಪು ಅಂತ ನಾನೆಲ್ಲಿ ಬರ್ದಿದ್ದೀನಿ ಅಣ್ಣ? ನಮ್ಮವ್ವ ಏನೂ ನೆನ್ಸ್ಕೊಳಲ್ಲ. ಸುಮ್ನೆ ಎತ್ತಾಳೆ, ಅಷ್ಟೆ."

ನಿಜಕ್ಕೂ ಕವನದ ಗುಟ್ಟೇ ಆ "ಸುಮ್ನೆ". ನೆನಪು ಅಂದರೆ ಮನಸ್ಸಿನ ಕೆಲಸ. ಅವ್ವ ಕೆರೆ ನೋಡಿ, ಹಿಂದಿನದನ್ನು ಯೋಚಿಸಿ, ದುಃಖಪಟ್ಟು ಸೀರೆ ಎತ್ತುತ್ತಿಲ್ಲ. ಅವಳ ಕೈಗೆ ಅದು ಗೊತ್ತಿದೆ. ಮೊದಲ ಎರಡು ಪ್ರಯತ್ನದಲ್ಲೂ "ನೆನಪು" ಬಂದಿತ್ತು, ಎರಡರಲ್ಲೂ ಅದು ತಪ್ಪೇ ಆಗಿತ್ತು. ಕವಿ ಎದುರಿಗೆ ಸಿಗದಿದ್ದರೂ ಇದನ್ನು ನಾವೇ ಕಾಣಬಹುದಿತ್ತು. ಕವನದಲ್ಲಿ ಅವ್ವನ ಮನಸ್ಸಿನ ಬಗ್ಗೆ ಒಂದು ಪದವೂ ಇಲ್ಲ. ಇರುವುದು ಇಳಿಯುವುದು, ಎತ್ತುವುದು, ಹಿಡಿಯುವುದು. ಮೂರೂ ಮೈಯ ಕೆಲಸ.

ಮೂರನೇ ಪ್ರಯತ್ನ ಹೀಗಿತ್ತು: "ಬತ್ತಿದ ಕೆರೆಯಲ್ಲಿ ಅವ್ವ ಸೀರೆ ಎತ್ತಿ ನಡೆಯುತ್ತಾಳೆ. ಹಳೆಯ ಅಭ್ಯಾಸ ಸುಲಭವಾಗಿ ಹೋಗುವುದಿಲ್ಲ."

ಚಿತ್ರ ಉಳಿಯಿತು. ಆದರೆ ಎರಡನೇ ಸಾಲು ಬಂದ ಕೂಡಲೇ ಚಿತ್ರ ಸಣ್ಣದಾಯಿತು. 17 ವರ್ಷ ನೀರಿಲ್ಲದ ಕೆರೆ, ಕಲ್ಲಿನ ಮೇಲೆ ಉಳಿದ ಗೆರೆ, ಎಲ್ಲ ಸೇರಿ "ಅಭ್ಯಾಸಬಲ" ಅನ್ನುವ ಮಾತಿನೊಳಗೆ ಮುದುಡಿ ಕೂತವು. ಮೊದಲ ಸಾಲಿನಲ್ಲಿ ಚಿತ್ರ, ಎರಡನೇ ಸಾಲಿನಲ್ಲಿ ನೀತಿ ಅಂತ ಪಾಲು ಮಾಡಿದರೆ ಹೀಗೇ ಆಗುವುದು. ಓದುವವರು ನೀತಿಯನ್ನು ಇಟ್ಟುಕೊಂಡು ಚಿತ್ರವನ್ನು ಬಿಟ್ಟುಬಿಡುತ್ತಾರೆ. ಎರಡನೇ ಸಾಲಿನಲ್ಲೂ ಚಿತ್ರದ ಒಂದು ತುಂಡು ಇರಬೇಕು. ಆಗ ಅರ್ಥ ಚಿತ್ರದ ಒಳಗೇ ಇರುತ್ತದೆ.

ಕೊನೆಗೆ ಹಲಗೆಗೆ ಹೋದದ್ದು ಇದು:

ನೀರಿಲ್ಲದ ಕೆರೆಗೆ ಇಳಿಯುವಾಗಲೂ ಅವ್ವ ಮೊಣಕಾಲ ತನಕ ಸೀರೆ ಎತ್ತುತ್ತಾಳೆ;
ಕಲ್ಲಿನ ಮೇಲಿನ ಗೆರೆಯಂತೆ ಅವಳ ಮೈಯಲ್ಲೂ ನೀರಿನ ಮಟ್ಟ ಉಳಿದಿದೆ.

16 ಪದ. ಇಲ್ಲೂ "ಅಂತೆ" ಇದೆಯಲ್ಲ ಅಂತ ನೀವು ಕೇಳಬಹುದು. ಇದೆ. ಆದರೆ ಹೋಲಿಕೆಯ ಎರಡು ಬದಿಯೂ ಕವನದ್ದೇ. ಗೆರೆಯನ್ನು ಮೊದಲು ಇಟ್ಟು, ಅದರ ಪಕ್ಕದಲ್ಲೇ ಮೊಣಕಾಲನ್ನು ತಂದು ನಿಲ್ಲಿಸಿದ್ದು ಅಕ್ಕನೇ. ಅವರು ಬಾಯಿಬಿಟ್ಟು ಹೇಳದೆ ಪಕ್ಕಪಕ್ಕ ಇಟ್ಟದ್ದನ್ನು ನಾವು ಒಂದು ಪ್ರತ್ಯಯ ಹಾಕಿ ಹೇಳಿದೆವು. ಇಷ್ಟು ಮಾಡಲೇಬೇಕಾಗುತ್ತದೆ. ಏನನ್ನೂ ಬಿಡಿಸಿ ಹೇಳದಿದ್ದರೆ ಅದು ಅರ್ಥ ಆಗುವುದಿಲ್ಲ, ಕವನವನ್ನೇ ಮೊಟಕು ಮಾಡಿ ಬರೆದ ಹಾಗಾಗುತ್ತದೆ.

ತಂಗಿಗೆ ಮತ್ತೆ ಫೋನ್ ಮಾಡಿ ಓದಿದೆ. "ಮಣ್ಣಲ್ಲಿ ಸೀರೆ ಎತ್ಕೊಂಡು ಹೋಗ್ತಿದ್ದಾಳೆ, ನೀರಲ್ಲಿ ಹೋಗೋ ಥರ" ಅಂದಳು. ಅಷ್ಟು ಸಾಕಾಗಿತ್ತು.

ಈ ಎರಡು ಸಾಲಿನಲ್ಲಿ ಗಮನಿಸಬೇಕಾದ ಇನ್ನೊಂದು ಇದೆ. ಅದು ಕನ್ನಡ ನಮಗೆ ಕೊಟ್ಟಿರುವ ಅನುಕೂಲ. "ಕೆರೆ ಬತ್ತಿಹೋಗಿದೆ, ಅದರಲ್ಲಿ ಈಗ ನೀರಿಲ್ಲ" ಅನ್ನುವುದನ್ನೆಲ್ಲ "ನೀರಿಲ್ಲದ ಕೆರೆ" ಅಂತ ಎರಡೇ ಪದದಲ್ಲಿ ತರಬಹುದು. ಬತ್ತಿದ, ಇಳಿಯುವ, ಎತ್ತಿದ, ನಡೆಯುವ, ಹೀಗೆ ಕ್ರಿಯೆಯನ್ನು ವಿಶೇಷಣ ಮಾಡಿ ಹೆಸರಿನ ಮುಂದೆ ಕೂರಿಸಬಹುದು. ವ್ಯಾಕರಣದಲ್ಲಿ ಇದಕ್ಕೆ ಕೃದಂತ ಅನ್ನುತ್ತಾರೆ. ಒಂದು ಇಡೀ ವಾಕ್ಯ ಒಂದು ಪದದೊಳಗೆ ಮಡಿಚಿಕೊಂಡು ಕೂರುತ್ತದೆ, ಆದರೂ ಅದರಲ್ಲಿ ಚಲನೆ ಉಳಿದಿರುತ್ತದೆ. 18 ಪದದ ಜಿಪುಣತನದಲ್ಲಿ ಇದಕ್ಕಿಂತ ದೊಡ್ಡ ಸಹಾಯ ಇಲ್ಲ.

ಇದಕ್ಕೆ ವಿರುದ್ಧವಾಗಿ ಕೆಲಸ ಮಾಡುವವು "ತೆ", "ತ್ವ" ಅಂತ ಮುಗಿಯುವ ಪದಗಳು. ಕ್ಷಣಿಕತೆ, ಅನನ್ಯತೆ, ಮಾತೃತ್ವ, ಮಹತ್ವ. ಇವು ಕೆಟ್ಟ ಪದಗಳಲ್ಲ, ಬೇರೆ ಕಡೆ ಬೇಕಾಗುತ್ತವೆ. ಆದರೆ ಇವುಗಳಲ್ಲಿ ಯಾರೂ ಏನೂ ಮಾಡುತ್ತಿರುವುದಿಲ್ಲ, ಕಣ್ಣಿಗೆ ಏನೂ ಕಾಣುವುದಿಲ್ಲ. ಬರೆದಾದ ಮೇಲೆ ನಾವು ಇಂಥ ಪದಗಳಿಗೆ ಪೆನ್ಸಿಲ್ಲಿನಲ್ಲಿ ಸುತ್ತು ಹಾಕುತ್ತೇವೆ. ಎರಡು ಸಾಲಿನಲ್ಲಿ ಒಂದಿದ್ದರೆ ತಡೆದುಕೊಳ್ಳಬಹುದು. ಎರಡಿದ್ದರೆ ಮತ್ತೆ ಬರೆಯುತ್ತೇವೆ.

ಇನ್ನು "ಅವ್ವ" ಅನ್ನುವ ಪದದ ವಿಷಯ. ಮೊದಲ ಸಲ ಬರೆದವರು ಅದನ್ನು "ತಾಯಿ" ಅಂತ ಮಾಡಿದ್ದರು. ಪುಸ್ತಕದ ಭಾಷೆಗೆ ತರಬೇಕು ಅನ್ನುವ ಒಳ್ಳೆಯ ಉದ್ದೇಶವೇ. ಆದರೆ ಕೋಲಾರದಲ್ಲಿ ಮನೆಯಲ್ಲಿ ತೆಲುಗು ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ. ತೆಲುಗಿನಲ್ಲಿ ಅವ್ವ ಅಂದರೆ ಅಜ್ಜಿ. ಹಾಗೆ ತೆಲುಗು ಮನೆಯಿಂದ ಬರುವ ಒಬ್ಬ ಹುಡುಗ ಇಡೀ ಕವನವನ್ನು ಅಜ್ಜಿಯ ಕವನ ಅಂತಲೇ ಓದಿದ್ದ. ಅವನ ಓದಿನಲ್ಲಿ ಸೀರೆ ಎತ್ತುವ ಕೈಗೆ ಇನ್ನೂ ವಯಸ್ಸಾಗಿತ್ತು, ಕೆರೆ ತುಂಬಿದ್ದ ಕಾಲ ಇನ್ನೂ ಹಿಂದಕ್ಕೆ ಹೋಗಿತ್ತು. ಅಕ್ಕ ಬರೆದದ್ದು ತಾಯಿಯ ಬಗ್ಗೆಯೇ. ಆದರೂ ಹಲಗೆಯ ಮೇಲೆ "ತಾಯಿ" ಅಂತ ಬರೆದು ಆ ಹುಡುಗನ ಓದನ್ನು ಮುಚ್ಚಿಹಾಕುವುದು ನಮಗೆ ಬೇಡ ಅನ್ನಿಸಿತು. ನಡುವಿನ ಚಿತ್ರಕ್ಕೆ ಅಂಟಿಕೊಂಡ ಪದವನ್ನು ಕವಿ ಹೇಗೆ ಬಳಸಿದ್ದಾರೋ ಹಾಗೇ ಉಳಿಸುವುದು ಒಳ್ಳೆಯದು. ಬೇರೆ ಪದಗಳನ್ನು ಬೇಕಾದರೆ ಬದಲಾಯಿಸಬಹುದು.

ಗೊತ್ತಿರುವುದನ್ನೆಲ್ಲ ಸೇರಿಸುವ ಆಸೆಯನ್ನೂ ತಡೆಯಬೇಕು. ನಮ್ಮ ಕಡೆ ಕೆರೆ ಅಂದ ಕೂಡಲೇ ಬೋರ್‌ವೆಲ್, ನೀಲಗಿರಿ ತೋಪು, ಬೆಂಗಳೂರಿನಿಂದ ಶುದ್ಧೀಕರಿಸಿ ಬಿಡುವ ನೀರು ಎಲ್ಲ ನೆನಪಾಗುತ್ತದೆ. ಒಬ್ಬರು "ಅಂತರ್ಜಲ ಕುಸಿತದ ದುರಂತ" ಅಂತ ಸೇರಿಸಲೇಬೇಕು ಅಂದರು. ಅವರ ಕಾಳಜಿ ದೊಡ್ಡದು. ಆದರೆ ಕವನ ಕೆರೆ ಯಾಕೆ ಬತ್ತಿತು ಅಂತ ಹೇಳುವುದೇ ಇಲ್ಲ. ಬತ್ತಿದ ಮೇಲೆ ಏನು ಉಳಿಯಿತು ಅಂತ ಮಾತ್ರ ಹೇಳುತ್ತದೆ. ಕಾರಣ ಸೇರಿಸಿದರೆ ಓದುವವರ ಕಣ್ಣು ಮೊಣಕಾಲಿನಿಂದ ಎದ್ದು ಎಲ್ಲೋ ಹೋಗಿಬಿಡುತ್ತದೆ.

ಅಕ್ಕನ ಕವನದಲ್ಲಿ ನಡುವಿನ ಚಿತ್ರ ಎದ್ದು ಕಾಣುತ್ತಿತ್ತು, ಕಷ್ಟ ಇದ್ದದ್ದು ಅದನ್ನು ಉಳಿಸಿಕೊಳ್ಳುವುದರಲ್ಲಿ. ಕೆಲವು ಕಡೆ ಚಿತ್ರ ನಮಗೆ ಎಷ್ಟು ಪರಿಚಯ ಅಂದರೆ ಅದನ್ನು ಸರಿಯಾಗಿ ನೋಡುವುದನ್ನೇ ಬಿಟ್ಟಿರುತ್ತೇವೆ. 12ನೇ ಶತಮಾನದ ಬಸವಣ್ಣನವರ ಈ ವಚನ ನೋಡಿ. ಎಲ್ಲರಿಗೂ ಬಾಯಿಪಾಠ ಇರುವಂಥದ್ದು.

ಉಳ್ಳವರು ಶಿವಾಲಯವ ಮಾಡುವರು
ನಾನೇನ ಮಾಡಲಿ ಬಡವನಯ್ಯಾ
ಎನ್ನ ಕಾಲೇ ಕಂಬ, ದೇಹವೇ ದೇಗುಲ
ಶಿರವೇ ಹೊನ್ನ ಕಲಶವಯ್ಯಾ
ಕೂಡಲಸಂಗಮದೇವಾ ಕೇಳಯ್ಯಾ
ಸ್ಥಾವರಕ್ಕಳಿವುಂಟು ಜಂಗಮಕ್ಕಳಿವಿಲ್ಲ

ಇದರ ಅರ್ಥ ಕೇಳಿದರೆ ಹತ್ತರಲ್ಲಿ ಒಂಬತ್ತು ಜನ "ಹೊರಗಿನ ಆಡಂಬರಕ್ಕಿಂತ ಒಳಗಿನ ಭಕ್ತಿ ದೊಡ್ಡದು" ಅನ್ನುತ್ತಾರೆ. ಅದು ನೂರು ವಚನಕ್ಕೆ ಹೊಂದುವ ಮಾತು. ಸ್ವಲ್ಪ ಚೆನ್ನಾಗಿ ಹೇಳುವವರು "ದೇಹವೇ ದೇಗುಲ" ಅನ್ನುತ್ತಾರೆ. ಚಿತ್ರ ಬಂತು, ಸರಿ. ಆದರೆ ಪೂರ್ತಿ ಬಂತಾ?

"ದೇಹವೇ ದೇಗುಲ" ಅಂತ ಮಾತ್ರ ಹೇಳಿದರೆ ಕೊನೆಯ ಸಾಲು ಎಲ್ಲಿಂದ ಬಂತು ಅಂತ ತಿಳಿಯುವುದಿಲ್ಲ. ದೇಹ ದೇಗುಲವಾದರೆ ಅದೂ ಇನ್ನೊಂದು ಗುಡಿ ತಾನೆ? ಸ್ಥಾವರ, ಜಂಗಮ ಅನ್ನುವ ಮಾತು ಯಾಕೆ? ಉತ್ತರ ಇರುವುದು ನಾವು ಓಡಿಸಿಕೊಂಡು ಹೋಗುವ ಎರಡು ಪದದಲ್ಲಿ: ಕಾಲೇ ಕಂಬ. ಗುಡಿಯ ಕಂಬ ಅಂದರೆ ನೆಟ್ಟದ್ದು, ಅಲುಗಬಾರದ್ದು. ಇಲ್ಲಿ ಕಂಬವೇ ಕಾಲು. ಕಾಲು ನಡೆಯುತ್ತದೆ. ಹಾಗಾಗಿ ಈ ಗುಡಿ ನಡೆಯುವ ಗುಡಿ. ನಿಂತದ್ದು ಸ್ಥಾವರ, ನಡೆಯುವುದು ಜಂಗಮ ಅನ್ನುವ ಕೊನೆಯ ಸಾಲು ಈ ಕಾಲಿನ ಮೇಲೆಯೇ ನಿಂತಿದೆ. ಶಿರವೇ ಕಲಶ ಅನ್ನುವುದನ್ನು ಬೆರಳಿಂದ ಮುಚ್ಚಿ ನೋಡಿ, ವಚನದ ವಾದ ಮುರಿಯುವುದಿಲ್ಲ. ಕಾಲನ್ನು ಮುಚ್ಚಿದರೆ ಮುರಿಯುತ್ತದೆ. ಒಂದೇ ಕವನದಲ್ಲಿ ಒಂದೇ ರೂಪಕಕ್ಕೆ ಹಲವು ಭಾಗ ಇದ್ದಾಗ, ಕೊನೆಯ ಸಾಲಿಗೆ ದಾರಿ ಬಿಡುವ ಭಾಗ ಯಾವುದು ಅಂತ ಹುಡುಕಬೇಕು. ನಡುವಿನ ಚಿತ್ರ ಅಲ್ಲಿರುತ್ತದೆ.

ಇನ್ನೊಂದು ಸೂಕ್ಷ್ಮ ಕ್ರಿಯಾಪದದಲ್ಲಿದೆ. ಮೊದಲ ಎರಡು ಸಾಲಿನಲ್ಲಿ "ಮಾಡು" ಎರಡು ಸಲ ಬರುತ್ತದೆ: ಮಾಡುವರು, ಮಾಡಲಿ. ಕಾಲಿನ ಸಾಲು ಬಂದ ಕೂಡಲೇ ಕ್ರಿಯಾಪದವೇ ಮಾಯ. ಕಾಲೇ ಕಂಬ, ದೇಹವೇ ದೇಗುಲ. ಉಳ್ಳವರು ಗುಡಿ ಮಾಡುತ್ತಾರೆ, ಇವನು ಗುಡಿಯಾಗಿದ್ದಾನೆ. ಮಾಡುವುದು ಬೇರೆ, ಆಗಿರುವುದು ಬೇರೆ ಅನ್ನುವ ಈ ಭೇದವನ್ನು ಎ.ಕೆ. ರಾಮಾನುಜನ್ ವಚನಗಳ ಇಂಗ್ಲಿಷ್ ಅನುವಾದದ ಪುಸ್ತಕಕ್ಕೆ 1973ರಲ್ಲಿ ಬರೆದ ಪ್ರಸ್ತಾವನೆಯಲ್ಲಿ ಬಿಡಿಸಿ ತೋರಿಸಿದ್ದಾರೆ. ಅದನ್ನು ತಿಳಿದ ಮೇಲೆ "ದೇಹವನ್ನೇ ದೇಗುಲ ಮಾಡಿಕೊಳ್ಳಬೇಕು" ಅಂತ ಬರೆಯುವುದಕ್ಕೆ ಕೈ ಬರುವುದಿಲ್ಲ. "ಮಾಡಿಕೊಳ್ಳಬೇಕು" ಅಂದ ಕೂಡಲೇ ಬಡವನ ಬಾಯಿಗೆ ಉಳ್ಳವರ ಕ್ರಿಯಾಪದ ಬಂದುಬಿಡುತ್ತದೆ.

ಹೀಗೆ ಬರೆದೆವು:

ಉಳ್ಳವರು ಗುಡಿ ಕಟ್ಟುತ್ತಾರೆ. ಬಡವನಾದ ನಾನೇ ಗುಡಿ,
ಕಾಲೇ ಕಂಬವಾದ ನಡೆಯುವ ಗುಡಿ. ನಿಂತದ್ದು ಅಳಿಯುತ್ತದೆ, ಜಂಗಮ ಅಳಿಯದು.

ಮೊದಲು "ನಡೆಯುವುದು ಅಳಿಯದು" ಅಂತ ಬರೆದಿದ್ದೆವು. "ನಡೆಯುವ ಗುಡಿ"ಗೆ ಪ್ರಾಸದಂತೆ ಹೊಂದುತ್ತಿತ್ತು. ಆಗ ವಾಚನಾಲಯದ ಹಿರಿಯ ಮೇಷ್ಟ್ರೊಬ್ಬರು ಕೇಳಿದರು: "ನಡೆಯೋ ಮೈ ಸಾಯಲ್ವೇನಪ್ಪ?" ಸರಿಯಾದ ಪ್ರಶ್ನೆ. ವಚನ ಮೈ ಸಾಯುವುದಿಲ್ಲ ಅನ್ನುತ್ತಿಲ್ಲ. ಜಂಗಮ ಅಂದರೆ ಚಲಿಸುವುದು, ಜೀವಂತವಾದದ್ದು. ಊರೂರು ತಿರುಗುವ ಶಿವಶರಣನೂ ಜಂಗಮನೇ. ಆ ಪದದ ಒಳಗೆ ಇಷ್ಟೆಲ್ಲ ಒಟ್ಟಿಗೆ ಇದೆ. ನಾವು ಒಂದನ್ನು ಆರಿಸಿ ಉಳಿದದ್ದನ್ನು ಬಿಟ್ಟರೆ ವಚನ ಸುಳ್ಳು ಹೇಳಿದ ಹಾಗಾಗುತ್ತದೆ. ಅದಕ್ಕೇ ಆ ಪದವನ್ನು ಮುಟ್ಟದೆ ಇಟ್ಟೆವು. ಸ್ಥಾವರವನ್ನು "ನಿಂತದ್ದು" ಅಂತ ಬಿಡಿಸಿದ್ದರಿಂದ ಜಂಗಮದ ಅರ್ಥ ಓದುವವರಿಗೆ ಹತ್ತಿರವಾಗುತ್ತದೆ, ಆದರೆ ಪೂರ್ತಿ ಮುಗಿಯುವುದಿಲ್ಲ.

ಎಲ್ಲ ಕವನಕ್ಕೂ ಈ ದಾರಿ ನಡೆಯುತ್ತದೆ ಅಂತ ಅಲ್ಲ. ಕಥೆ ಹೇಳುವ ಲಾವಣಿಯಲ್ಲಿ ಒಂದೇ ನಡುವಿನ ಚಿತ್ರ ಅಂತ ಹುಡುಕುತ್ತಾ ಕೂತರೆ ಕಥೆಯ ತಿರುವು ಕೈತಪ್ಪುತ್ತದೆ. ಅಲ್ಲಿ ಯಾರಿಗೆ ಏನಾಯಿತು ಅಂತ ಹೇಳುವುದೇ ಸರಿ. ಒಂದಾದ ಮೇಲೆ ಒಂದು ಹೆಸರು ಕೂಗುತ್ತಾ ಹೋಗುವ ಹಾಡುಗಳಲ್ಲಿ ಚಿತ್ರಕ್ಕಿಂತ ಆ ಕೂಗಿನ ಲಯವೇ ಮುಖ್ಯ, ಅದು ಎರಡು ಸಾಲಿನ ಗದ್ಯಕ್ಕೆ ಬರುವುದಿಲ್ಲ. ಪರೀಕ್ಷೆಯಲ್ಲಿ ಕೇಳುವ ಸಾರಾಂಶವೂ ಬೇರೆ ಕೆಲಸ. ಅಲ್ಲಿ ಪದ್ಯದ ಅಂಶಗಳನ್ನೆಲ್ಲ ಒಂದೊಂದಾಗಿ ತರಬೇಕು, ಕುರಿ ಕ್ರಿಕೆಟ್ಟು ಯಾವುದನ್ನೂ ಬಿಡುವ ಹಾಗಿಲ್ಲ. ವಾಚನಾಲಯಕ್ಕೆ ಬರುವ ಮಕ್ಕಳಿಗೆ ನಾನು ಇದನ್ನು ಬಿಡಿಸಿ ಹೇಳಿಯೇ ಕಳಿಸುತ್ತೇನೆ.

ಮೂರು ನಾಲ್ಕು ಸಾಲಿನ ಕವನಗಳು ನಮಗೆ ಇನ್ನೂ ಬಗೆಹರಿದಿಲ್ಲ. ಅವು ಪೂರ್ತಿ ಚಿತ್ರವೇ. ಎರಡು ಸಾಲಿನಲ್ಲಿ ಹೇಳಹೊರಟರೆ ಅರ್ಥವೇ ಕವನಕ್ಕಿಂತ ಉದ್ದವಾಗುತ್ತದೆ. ಹೋದ ಮಳೆಗಾಲದಲ್ಲಿ ಅಂಥದ್ದೊಂದು ಬಂತು, ಸೂರಿನ ಹನಿಗೆ ಇಟ್ಟ ಪಾತ್ರೆಯ ಬಗ್ಗೆ, ಮೂರೇ ಸಾಲು. ರಾತ್ರಿ ಒಂಬತ್ತರ ತನಕ ಕೂತೆವು. ಬರೆದದ್ದನ್ನೆಲ್ಲ ಒರೆಸಿದೆವು. ಕೊನೆಗೆ ಕವನದ ಕೆಳಗೆ ಗೆರೆ ಮಾತ್ರ ಎಳೆದು, ಅದರ ಕೆಳಗಿನ ಜಾಗವನ್ನು ಖಾಲಿ ಬಿಟ್ಟೆವು. ಸೋಮವಾರ ಬೆಳಿಗ್ಗೆ ನೋಡಿದರೆ ಯಾರೋ ಆ ಖಾಲಿ ಜಾಗದಲ್ಲಿ ಸೀಮೆಸುಣ್ಣದಿಂದ ಒಂದು ಪಾತ್ರೆ ಬರೆದು, ಅದರ ಮೇಲೆ ಮೂರು ಚುಕ್ಕೆ ಇಟ್ಟಿದ್ದರು.